ಹತ್ತಿರದ ಬಣ್ಣವನ್ನೇ ಆರಿಸಿದರೂ ಮುಖ ಬೂದಾಗುವುದೇಕೆ

ಪ್ರಶ್ನೆ: ಫೋಟೊವನ್ನು ಹದಿನಾರು ಬಣ್ಣಕ್ಕೆ ಇಳಿಸುವ ಪ್ರೋಗ್ರಾಂ ಬರೆದಿದ್ದೇನೆ ಸರ್. ಕಪ್ಪು, ಬಿಳಿ, ಎರಡು ಬೂದು, ಉಳಿದವು ಗಾಢ ಬಣ್ಣಗಳು, ಅದೇ ಹಳೆಯ 16 ಬಣ್ಣದ ಸೆಟ್. ಪ್ರತಿ ಪಿಕ್ಸೆಲ್‌ಗೂ ಅತಿ ಹತ್ತಿರದ ಬಣ್ಣ ಹುಡುಕಿ ಹಾಕುತ್ತೇನೆ. ಆದರೆ ಮುಖವೆಲ್ಲ ಬೂದಿ ಬಳಿದ ಹಾಗೆ ಬರುತ್ತದೆ, ಆಕಾಶದಲ್ಲಿ ಪಟ್ಟೆ ಪಟ್ಟೆ. ಪ್ಯಾಲೆಟ್ ಬದಲಿಸುವ ಹಾಗಿಲ್ಲ. ಕೋಡ್‌ನಲ್ಲಿ ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ವಿವರಣೆ ನೋಡಿದರೆ ಕೋಡ್ ತಾನು ಮಾಡಬೇಕಾದ್ದನ್ನೇ ಮಾಡುತ್ತಿದೆ. ನಂಬಿಕೆ ಬರಬೇಕಾದರೆ ಒಂದೇ ಒಂದು ಪಿಕ್ಸೆಲ್ ತೆಗೆದುಕೊಂಡು ಕೈಯಲ್ಲೇ ಲೆಕ್ಕ ಹಾಕಿ ನೋಡೋಣ.

ಬೆಳಕು ಬಿದ್ದ ಕೆನ್ನೆಯ ಒಂದು ಪಿಕ್ಸೆಲ್ ಅನ್ನಿ: ಕೆಂಪು 200, ಹಸಿರು 150, ನೀಲಿ 120. ನಿಮ್ಮ ಪ್ಯಾಲೆಟ್‌ನ ಎರಡು ಬೂದುಗಳಲ್ಲಿ ಒಂದು (128, 128, 128), ಇನ್ನೊಂದು (192, 192, 192). ಮೊದಲನೆಯದನ್ನು ನಡು ಬೂದು, ಎರಡನೆಯದನ್ನು ತಿಳಿ ಬೂದು ಎಂದು ಕರೆಯುತ್ತೇನೆ. ಮೂರೂ ವ್ಯತ್ಯಾಸಗಳ ವರ್ಗ ತೆಗೆದು ಕೂಡಿಸಿದರೆ ನಡು ಬೂದಿಗೆ 5184 + 484 + 64, ಅಂದರೆ 5732. ತಿಳಿ ಬೂದಿಗೆ 7012. ಮಂಕು ಹಳದಿಗೆ, ಅಂದರೆ (128, 128, 0)ಕ್ಕೆ, 20068. ಶುದ್ಧ ಕೆಂಪಿಗೆ 39925. ಉಳಿದ ಬಣ್ಣಗಳೆಲ್ಲ ಮಂಕು ಹಳದಿಗಿಂತ ಆಚೆ. ನಡು ಬೂದು ಗೆದ್ದಿದ್ದು ನ್ಯಾಯವಾಗಿಯೇ. ವರ್ಗಮೂಲ ತೆಗೆಯುವ ಅಗತ್ಯವಿಲ್ಲ, ಯಾವುದು ಚಿಕ್ಕದು ಎಂದಷ್ಟೇ ಗೊತ್ತಾಗಬೇಕಲ್ಲ.

ಹೀಗೇಕೆ ಆಗುತ್ತದೆ ಎಂದು ತಿಳಿಯಲು ಒಂದು ಸುಲಭದ ಅಳತೆ ಇದೆ. ಯಾವುದೇ ಬಣ್ಣದ ಮೂರು ಅಂಕಿಗಳಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಬೂದಿಗೆ ಸೊನ್ನೆ ಬರುತ್ತದೆ. ಬಣ್ಣ ಗಾಢವಾದಷ್ಟೂ ಈ ಅಂತರ ಹೆಚ್ಚು. ನಮ್ಮ ಕೆನ್ನೆಗೆ 80 ಬಂತು. ಈಗ ನಿಮ್ಮ ಹದಿನಾರು ಬಣ್ಣಗಳಿಗೂ ಇದೇ ಲೆಕ್ಕ ಮಾಡಿ: ಕಪ್ಪು, ಬಿಳಿ, ಎರಡು ಬೂದುಗಳಿಗೆ ಸೊನ್ನೆ, ಉಳಿದ ಹನ್ನೆರಡಕ್ಕೆ 128 ಇಲ್ಲವೇ 255. ಸೊನ್ನೆಗೂ 128ಕ್ಕೂ ನಡುವೆ ಒಂದೇ ಒಂದು ಬಣ್ಣವೂ ಇಲ್ಲ. ಫೋಟೊಗಳಲ್ಲಿ ಕಾಣುವ ಚರ್ಮ, ಗೋಡೆ, ಮಣ್ಣು, ಮರದ ತೊಗಟೆ, ತೆಳು ಮೋಡ ಎಲ್ಲ ಇರುವುದು ಆ ಖಾಲಿ ಜಾಗದಲ್ಲೇ. ಅಂತರ 80 ಇರುವ ಪಿಕ್ಸೆಲ್ 128ಕ್ಕೆ ಹತ್ತಿರವಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅಂತರ ಹೊಂದಿದರೆ ಸಾಲದು, ಛಾಯೆಯೂ ಬೆಳಕೂ ಹೊಂದಬೇಕು. 128 ಅಂತರದ ಆರು ಬಣ್ಣಗಳೂ ಕೆನ್ನೆಗಿಂತ ಬಹಳ ಕಪ್ಪಾದವು, ಜೊತೆಗೆ ಒಂದೂ ಕಿತ್ತಳೆಯ ಕಡೆಗಿಲ್ಲ. ಬೂದು ಮಾತ್ರ ಯಾವ ಛಾಯೆಗೂ ಅತಿ ದೂರವಲ್ಲದೆ ಎಲ್ಲರ ನಡುವೆ ನಿಂತಿರುತ್ತದೆ, ಹಾಗಾಗಿ ಮಂದ ಬಣ್ಣಗಳೆಲ್ಲ ಅದರ ಪಾಲಾಗುತ್ತವೆ.

ಇಲ್ಲಿ ಬಹಳ ಜನ ಮೊದಲು ಕೈ ಹಾಕುವುದು ದೂರದ ಸೂತ್ರಕ್ಕೆ. ಅದು ಒಳ್ಳೆಯದೇ, ಆದರೆ ಎಷ್ಟು ಕೊಡುತ್ತದೆ ಎಂಬುದು ಗೊತ್ತಿರಲಿ. ನಮ್ಮ ಕಣ್ಣಿಗೆ ಹಸಿರಿನ ಏರಿಳಿತ ಹೆಚ್ಚು ತಾಗುತ್ತದೆ, ಕೆಂಪಿನದು ಅದಕ್ಕಿಂತ ಕಡಿಮೆ, ನೀಲಿಯದು ತೀರ ಕಡಿಮೆ. ಆದ್ದರಿಂದ ವರ್ಗಗಳಿಗೆ 3, 6, 1 ಎಂದು ತೂಕ ಕೊಡಿ:

```python
def nearest(p, palette):
    return min(palette, key=lambda q:
        3*(p[0]-q[0])**2 + 6*(p[1]-q[1])**2 + (p[2]-q[2])**2)
```

ಅದೇ ಕೆನ್ನೆಗೆ ಈಗ ನಡು ಬೂದು 18520, ತಿಳಿ ಬೂದು 15960. ತೀರ್ಪು ತಿರುಗಿತು. ಮುಖಕ್ಕೆ ಬೆಳಕು ಬಂತು, ಗದ್ದದ ನೆರಳು ಮತ್ತು ಕೆನ್ನೆಯ ಹೊಳಪು ಬೇರೆ ಬೇರೆಯಾಗಿ ಕಾಣತೊಡಗುತ್ತವೆ. ಆದರೆ ಬಣ್ಣ ಬರಲಿಲ್ಲ, ಬೂದು ಬೂದಾಗಿಯೇ ಉಳಿಯಿತು. ಇದಕ್ಕಿಂತ ನಿಖರವಾದ ಅಳತೆಗೋಲು ಬೇಕೆಂದರೆ 2020ರಲ್ಲಿ ಬ್ಯೋರ್ನ್ ಒಟ್ಟೊಸನ್ ಪ್ರಕಟಿಸಿದ ಓಕೆಲ್ಯಾಬ್ ಇದೆ. ಕಣ್ಣಿಗೆ ಕಾಣುವ ವ್ಯತ್ಯಾಸಕ್ಕೂ ಅಂಕಿಯ ವ್ಯತ್ಯಾಸಕ್ಕೂ ಸಾಧ್ಯವಾದಷ್ಟು ಹೊಂದಿಕೆ ಇರುವಂತೆ ಕಟ್ಟಿದ್ದು ಅದು. ಅದರಲ್ಲಿ ನಮ್ಮ ಕೆನ್ನೆಯ ಬೆಳಕು 0.71, ನಡು ಬೂದಿನದು 0.60, ತಿಳಿ ಬೂದಿನದು 0.81. ಒಟ್ಟು ದೂರ ನಡು ಬೂದಿಗೆ 0.135, ತಿಳಿ ಬೂದಿಗೆ 0.120. ಅಲ್ಲೂ ತಿಳಿ ಬೂದೇ ಗೆದ್ದಿತು. ಅಂದರೆ ಎಷ್ಟೇ ಒಳ್ಳೆಯ ಅಳತೆಗೋಲು ತಂದರೂ ಈ ಪ್ಯಾಲೆಟ್‌ನಲ್ಲಿ ಒಂಟಿ ಪಿಕ್ಸೆಲ್‌ಗೆ ಚರ್ಮದ ಬಣ್ಣ ಸಿಗುವುದಿಲ್ಲ, ಇಲ್ಲದ್ದನ್ನು ಆರಿಸಲು ಬರುವುದಿಲ್ಲ.

ಆಕಾಶದ ಪಟ್ಟೆಗಳ ಕಥೆಯೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ತಿಳಿ ನೀಲಿಯ (120, 170, 220) ಎಂಬ ಪಿಕ್ಸೆಲ್ ತೆಗೆದುಕೊಳ್ಳಿ. ಮೇಲಿನ ತೂಕದ ಸೂತ್ರದಲ್ಲಿ ತಿಳಿ ಬೂದಿಗೆ 15552 + 2904 + 784, ನಡು ಬೂದಿಗೆ 192 + 10584 + 8464. ಕೂಡಿಸಿ ನೋಡಿ, ಎರಡೂ 19240. ಈ ಪಿಕ್ಸೆಲ್ ಸರಿಯಾಗಿ ಎರಡು ಹೊಲಗಳ ನಡುವಿನ ಬದುವಿನ ಮೇಲೆ ನಿಂತಿದೆ. ಮೂರೂ ಅಂಕಿಗಳನ್ನು ಒಂದೊಂದೇ ಏರಿಸಿ (121, 171, 221) ಮಾಡಿದರೆ ತಿಳಿ ಬೂದು 18610, ನಡು ಬೂದು 19890, ತಿಳಿ ಬೂದಿಗೆ ಗೆಲುವು. ಒಂದೊಂದೇ ಇಳಿಸಿ (119, 169, 219) ಮಾಡಿದರೆ ಅಂಕಿಗಳು ಅದಲುಬದಲಾಗಿ ನಡು ಬೂದಿಗೆ ಗೆಲುವು. ಈ ಎರಡು ನೀಲಿಗಳನ್ನು ಪಕ್ಕಪಕ್ಕದಲ್ಲಿಟ್ಟರೂ ಕಣ್ಣು ಬೇರ್ಪಡಿಸಲಾರದು. ಆದರೆ ಹೊರಬರುವ ಚಿತ್ರದಲ್ಲಿ ಅವುಗಳ ನಡುವೆ 64 ಅಂಕಿಯ ಮೆಟ್ಟಿಲು ಎದ್ದು ನಿಲ್ಲುತ್ತದೆ. ಆಕಾಶ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ತಿಳಿಯಾಗುತ್ತದೆ, ಆದ್ದರಿಂದ ಬದು ಒಂದು ಉದ್ದನೆಯ ಗೆರೆಯಾಗಿ ಕಾಣುತ್ತದೆ. ಕ್ಯಾಮೆರಾದ ಸಣ್ಣ ಗದ್ದಲವಿದ್ದರೆ ಗೆರೆಯ ಅಂಚಿನಲ್ಲಿ ಮೆಣಸಿನ ಪುಡಿ ಚೆಲ್ಲಿದಂತೆ ಚುಕ್ಕೆಗಳು ಬೀಳುತ್ತವೆ. ಅದನ್ನು ಕೋಡ್‌ನ ದೋಷ ಎಂದುಕೊಂಡು ಹುಡುಕುತ್ತಾ ಕೂರಬೇಡಿ, ಅದು ಬದುವಿನ ಆಚೆಈಚೆ ಜಿಗಿಯುತ್ತಿರುವ ಪಿಕ್ಸೆಲ್‌ಗಳಷ್ಟೇ.

ನಿಜವಾದ ಕೋಡ್ ದೋಷ ಬೇರೆ ಥರ ಕಾಣುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಚಿತ್ರವನ್ನು ನಂಪೈಗೆ ಓದಿಕೊಂಡರೆ ಅಂಕಿಗಳು ಸಾಮಾನ್ಯವಾಗಿ `uint8` ರೂಪದಲ್ಲಿರುತ್ತವೆ, ಅದರಲ್ಲಿ ಸೊನ್ನೆಗಿಂತ ಕೆಳಗೂ 255ರ ಮೇಲೂ ಜಾಗವಿಲ್ಲ. ಪ್ಯಾಲೆಟ್ ಕೂಡ ಅದೇ ರೂಪದಲ್ಲಿದ್ದರೆ 120ರಿಂದ 128 ಕಳೆದಾಗ -8 ಬದಲು 248 ಬರುತ್ತದೆ. 72ರ ವರ್ಗ 5184 ಆಗುವ ಬದಲು 64 ಆಗುತ್ತದೆ. ಆಗ ಮುಖ ಬೂದಾಗುವುದಿಲ್ಲ, ಸಂಬಂಧವೇ ಇಲ್ಲದ ಕಡು ನೇರಳೆ, ಹಸಿರು ಕಲೆಗಳು ಮುಖದ ತುಂಬ ಏಳುತ್ತವೆ. ನಿಮಗೆ ಹಾಗಾಗಿಲ್ಲ. ಆದರೂ ಕಳೆಯುವ ಮುನ್ನ `astype(float)` ಮಾಡಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.

ಇನ್ನು ಪರಿಹಾರ. ಒಂಟಿ ಪಿಕ್ಸೆಲ್‌ಗೆ ಸಿಗದ ಬಣ್ಣ ಒಂದು ಗುಂಪಿಗೆ ಸಿಗಬಹುದು. ಒಂದು ಪಿಕ್ಸೆಲ್‌ಗೆ ಬೂದು ಹಾಕಿದಾಗ ನಾವು ಅದಕ್ಕೆ ಸಲ್ಲಬೇಕಾದ್ದನ್ನು ಪೂರ್ತಿ ಕೊಟ್ಟಿಲ್ಲ, ಸ್ವಲ್ಪ ಬಾಕಿ ಉಳಿಸಿಕೊಂಡಿದ್ದೇವೆ. ನಿಮ್ಮ ಕೋಡ್ ಆ ಬಾಕಿಯನ್ನು ಮರೆತು ಮುಂದಿನ ಪಿಕ್ಸೆಲ್‌ಗೆ ಹೋಗುತ್ತದೆ. ಮರೆಯದೆ ಪಕ್ಕದ ಲೆಕ್ಕಕ್ಕೆ ಸೇರಿಸಿದರೆ ಏನಾಗುತ್ತದೆ ನೋಡಿ. ಒಂದೇ ಸಾಲು, ಎಲ್ಲ ಪಿಕ್ಸೆಲ್‌ಗಳೂ (200, 150, 120), ಪೂರ್ತಿ ಬಾಕಿ ಬಲಗಡೆಯ ಪಿಕ್ಸೆಲ್‌ಗೆ, ಅಳತೆಗೋಲು ಅದೇ 3, 6, 1.

ಮೊದಲ ಪಿಕ್ಸೆಲ್‌ಗೆ ತಿಳಿ ಬೂದು. ಬಾಕಿ (8, -42, -72): ಕೆಂಪು ಸ್ವಲ್ಪ ಕಡಿಮೆ ಕೊಟ್ಟೆವು, ಹಸಿರು ಮತ್ತು ನೀಲಿ ಜಾಸ್ತಿ ಕೊಟ್ಟೆವು. ಎರಡನೆಯ ಪಿಕ್ಸೆಲ್ ಈಗ (208, 108, 48) ಆಗಿ ಬರುತ್ತದೆ, ಇದಕ್ಕೆ ಹತ್ತಿರ ಮಂಕು ಹಳದಿ. ಬಾಕಿ (80, -20, 48). ಮೂರನೆಯದು (280, 130, 168), ಮತ್ತೆ ತಿಳಿ ಬೂದು. ನಾಲ್ಕನೆಯದು (288, 88, 96). ಇಷ್ಟು ಹೊತ್ತಿಗೆ ಕೆಂಪಿನ ಬಾಕಿ ಗುಡ್ಡೆಯಾಗಿದೆ, ಶುದ್ಧ ಕೆಂಪೇ ಗೆಲ್ಲುತ್ತದೆ. ಅದು ಹಸಿರು ಮತ್ತು ನೀಲಿಯನ್ನು ಪೂರ್ತಿ ಬಿಟ್ಟಿದ್ದರಿಂದ ಐದನೆಯದು (233, 238, 216) ಆಗಿ ಬಿಳಿಗೆ ಹೋಗುತ್ತದೆ. ತಿಳಿ ಬೂದು, ಮಂಕು ಹಳದಿ, ತಿಳಿ ಬೂದು, ಕೆಂಪು, ಬಿಳಿ: ಈ ಐದರ ಸರಾಸರಿ (204, 153, 128). ನಮಗೆ ಬೇಕಿದ್ದದ್ದು (200, 150, 120). ಯಾವ ಅಳತೆಗೋಲೂ ಆರಿಸಲಾರದಿದ್ದ ಕೆಂಪು ಮತ್ತು ಹಳದಿ ಈಗ ತಾವಾಗಿ ಬಂದು ಕೂತಿವೆ. ಪ್ರತಿ ಹೆಜ್ಜೆಯಲ್ಲೂ ನಾವು ಮಾಡಿದ್ದು ಹತ್ತಿರದ ಬಣ್ಣ ಆರಿಸುವ ಅದೇ ಕೆಲಸ, ಕೇಳುವ ಪ್ರಶ್ನೆ ಮಾತ್ರ ಬದಲಾಯಿತು.

ಇಡೀ ಚಿತ್ರದಲ್ಲಿ ಬಾಕಿಯನ್ನು ಬಲಕ್ಕೊಂದೇ ತಳ್ಳಿದರೆ ಗೆರೆಗಳು ಮೂಡುತ್ತವೆ. ಅದಕ್ಕೇ ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿ ಸ್ಟೈನ್‌ಬರ್ಗ್ 1976ರಲ್ಲಿ ಕೊಟ್ಟ ಹಂಚಿಕೆಯನ್ನು ಇಂದಿಗೂ ಬಳಸುತ್ತೇವೆ: ಹದಿನಾರು ಪಾಲು ಮಾಡಿ ಬಲಕ್ಕೆ 7, ಕೆಳಗಿನ ಸಾಲಿನಲ್ಲಿ ಎಡಕ್ಕೆ 3, ನೇರ ಕೆಳಕ್ಕೆ 5, ಬಲಕ್ಕೆ 1. ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ ಹೋದರೆ ಹುಳ ಹರಿದಂಥ ವಿನ್ಯಾಸಗಳು ಇನ್ನಷ್ಟು ಕಡಿಮೆಯಾಗುತ್ತವೆ. ಬಲದಿಂದ ಬರುವಾಗ ಪಾಲುಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಬೇಕು, ಅದನ್ನು ಮರೆಯಬೇಡಿ.

ಇಲ್ಲಿಗೇ ನಿಲ್ಲಿಸಿದರೆ ಮುಖಕ್ಕೆ ಬಣ್ಣ ಬರುತ್ತದೆ, ಆದರೆ ತೊಳೆದು ಒಣಗಿಸಿದ ಬಟ್ಟೆಯ ಹಾಗೆ ಮಾಸಲಾಗಿ ಬರುತ್ತದೆ. ಎಷ್ಟೋ ತಯಾರಾದ ಪ್ರೋಗ್ರಾಂಗಳೂ ಇಲ್ಲೇ ನಿಂತಿವೆ, ನನಗೆ ಬೇಸರ ತರಿಸುವ ವಿಷಯ ಇದು. ಕಾರಣ ಇಷ್ಟು. ಫೈಲ್‌ನಲ್ಲಿರುವ 0ಯಿಂದ 255ರ ಅಂಕಿಗಳು ಬೆಳಕಿನ ಪ್ರಮಾಣವಲ್ಲ. 128 ಎಂದು ಬರೆದ ಪಿಕ್ಸೆಲ್ ಪರದೆಯಲ್ಲಿ ಬಿಳಿಯ ಅರ್ಧದಷ್ಟಲ್ಲ, ಸುಮಾರು 22 ಶೇಕಡಾ ಬೆಳಕನ್ನಷ್ಟೇ ಸೂಸುತ್ತದೆ. ದೂರದಿಂದ ನೋಡುವ ಕಣ್ಣು ಕೂಡಿಸುವುದು ಬೆಳಕನ್ನು, ಫೈಲ್‌ನ ಅಂಕಿಗಳನ್ನಲ್ಲ. ಕಪ್ಪು ಬಿಳಿಯ ಚದುರಂಗದ ಮನೆಗಳನ್ನು ಒಂದೊಂದು ಪಿಕ್ಸೆಲ್‌ನಷ್ಟು ಚಿಕ್ಕದು ಮಾಡಿ ದೂರ ನಿಂತು ನೋಡಿದರೆ ಅದು 128ರ ಬೂದಿಗೆ ಹೊಂದುವುದಿಲ್ಲ, 188ರ ಬೂದಿಗೆ ಹೊಂದುತ್ತದೆ. ಪರದೆಯ ಮೇಲೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕಣ್ಣು ಕಿರಿದು ಮಾಡಿ ನೋಡಿ, ಒಮ್ಮೆ ನೋಡಿದರೆ ಮರೆಯುವುದಿಲ್ಲ.

ನಮ್ಮ ಐದು ಪಿಕ್ಸೆಲ್‌ಗಳನ್ನೂ ಬೆಳಕಿಗೆ ತಿರುಗಿಸಿ ಸರಾಸರಿ ತೆಗೆದು ಮತ್ತೆ ಅಂಕಿಗೆ ತಂದರೆ (211, 180, 172) ಬರುತ್ತದೆ. ಕಣ್ಣಿಗೆ ಕಾಣುವುದು ಇದು. ದೊಡ್ಡದಕ್ಕೂ ಚಿಕ್ಕದಕ್ಕೂ ಅಂತರ ಬರೀ 39, ಇರಬೇಕಾದದ್ದು 80. ಕಾಗದದ ಮೇಲಿನ ಲೆಕ್ಕ ಸರಿಯಿದ್ದರೂ ಅರ್ಧದಷ್ಟು ಬಣ್ಣ ಸೋರಿಹೋಗಿದೆ. ಹಾಗಾಗಿ ಬಾಕಿಯ ಲೆಕ್ಕವನ್ನು ಬೆಳಕಿನಲ್ಲೇ ಇಡಬೇಕು. ಚಿತ್ರದ ಮತ್ತು ಪ್ಯಾಲೆಟ್‌ನ ಒಂದೊಂದು ಅಂಕಿಯನ್ನೂ ಮೊದಲು ಹೀಗೆ ತಿರುಗಿಸಿಕೊಳ್ಳಿ:

```python
def to_linear(v):              # v: 0..255
    v = v / 255
    if v <= 0.04045:
        return v / 12.92
    return ((v + 0.055) / 1.055) ** 2.4
```

ನಮ್ಮ ಕೆನ್ನೆ (0.578, 0.305, 0.188) ಆಗುತ್ತದೆ, ತಿಳಿ ಬೂದು 0.527, ನಡು ಬೂದು 0.216. ಬಾಕಿ ಕಳೆಯುವುದು, ಕೂಡುವುದು ಎಲ್ಲ ಈ ಅಂಕಿಗಳಲ್ಲಿ. ಹತ್ತಿರದ ಬಣ್ಣ ಹುಡುಕುವಾಗ ಮಾತ್ರ ಮತ್ತೆ 0ಯಿಂದ 255ಕ್ಕೋ ಓಕೆಲ್ಯಾಬ್‌ಗೋ ತಿರುಗಿಸಿ, ಏಕೆಂದರೆ ಕಣ್ಣಿಗೆ ಯಾವುದು ಹತ್ತಿರ ಎಂಬ ಪ್ರಶ್ನೆಗೆ ಬೆಳಕಿನ ಅಂಕಿಗಳು ಒಳ್ಳೆಯ ಅಳತೆಗೋಲಲ್ಲ, ನೆರಳಿನ ಭಾಗಗಳನ್ನೆಲ್ಲ ಅವು ಒಂದೇ ಮೂಲೆಗೆ ಒತ್ತಿಬಿಡುತ್ತವೆ. ಒಂದು ಕೆಲಸಕ್ಕೆ ಒಂದು ಅಂಕಿ, ಇನ್ನೊಂದಕ್ಕೆ ಇನ್ನೊಂದು. ಎಡವುವುದು ಹೆಚ್ಚಾಗಿ ಇಲ್ಲೇ.

ಅದೇ ಸಾಲನ್ನು ಹೀಗೆ ಮಾಡಿದಾಗ ಬಂದದ್ದು ತಿಳಿ ಬೂದು, ಮಂಕು ಹಳದಿ, ಮಂಕು ಹಳದಿ, ತಿಳಿ ಬೂದು, ಕೆಂಪು. ಬಿಳಿ ಮಾಯವಾಗಿ ಇನ್ನೊಂದು ಹಳದಿ ಬಂದಿದೆ. ಈ ಐದು ಕಣ್ಣಿಗೆ ಕಾಣುವುದು ಸುಮಾರು (187, 148, 127). ಕೆಂಪು ಇನ್ನೂ ಕಡಿಮೆಯಿದೆ, ಆದರೆ ಆ ಬಾಕಿ, ಬೆಳಕಿನ ಲೆಕ್ಕದಲ್ಲಿ 0.40, ಆರನೆಯ ಪಿಕ್ಸೆಲ್‌ನ ಹೆಗಲೇರಿದೆ, ಕಳೆದುಹೋಗಿಲ್ಲ. ಸಾಲು ಉದ್ದವಾದಂತೆ ಸರಾಸರಿ ಗುರಿಯ ಕಡೆಗೇ ಬರುತ್ತದೆ.

ಒಂದು ಎಚ್ಚರಿಕೆ. ಬಾಕಿ ಸೇರಿದ ಮೇಲೆ ಅಂಕಿ ಸೊನ್ನೆಗಿಂತ ಕೆಳಕ್ಕೂ ಒಂದಕ್ಕಿಂತ ಮೇಲಕ್ಕೂ ಹೋಗುತ್ತದೆ. ಮೇಲಿನ ಸಾಲಿನಲ್ಲೇ ನಾಲ್ಕನೆಯ ಪಿಕ್ಸೆಲ್‌ನ ಕೆಂಪು 1.35 ಆಗಿತ್ತು. ಹತ್ತಿರದ ಬಣ್ಣ ಹುಡುಕುವಾಗ ಅದನ್ನು 1ಕ್ಕೆ ಕತ್ತರಿಸಿ, ಆದರೆ ಬಾಕಿ ತೆಗೆಯುವಾಗ ಕತ್ತರಿಸದ 1.35ರಿಂದಲೇ ತೆಗೆಯಿರಿ. ಕತ್ತರಿಸಿದ್ದರಿಂದ ತೆಗೆದರೆ 0.35 ಬಾಕಿ ಅಲ್ಲೇ ಸಾಯುತ್ತದೆ, ಮುಖ ಮತ್ತೆ ಪೇಲವವಾಗುತ್ತದೆ.

ನಿಮ್ಮ ಪ್ಯಾಲೆಟ್‌ನಲ್ಲಿ ಕಪ್ಪು, ಬಿಳಿ ಮತ್ತು ಆರು ಪೂರ್ಣ ಬಣ್ಣಗಳು ಇರುವುದರಿಂದ ಫೋಟೊದ ಯಾವ ಬಣ್ಣವನ್ನಾದರೂ ಅವುಗಳ ಬೆರಕೆಯಲ್ಲಿ ಕಟ್ಟಬಹುದು. ಎಲ್ಲ ಪ್ಯಾಲೆಟ್‌ಗೂ ಈ ಭಾಗ್ಯವಿಲ್ಲ. ಕೆಂಪೇ ಇಲ್ಲದ ಪ್ಯಾಲೆಟ್‌ನಲ್ಲಿ ಕೆಂಪು ಹೂವಿನ ಬಾಕಿ ಎಂದೂ ತೀರುವುದಿಲ್ಲ. ಅದು ಬೆಳೆಯುತ್ತಾ ಹೋಗಿ ಹೂವಿನ ಅಂಚು ದಾಟಿ ಬಲಕ್ಕೂ ಕೆಳಕ್ಕೂ ಕೊಳೆಯಂತೆ ಸೋರುತ್ತದೆ. ವಸ್ತುವಿನ ಒಂದೇ ಮಗ್ಗುಲಲ್ಲಿ ಬಣ್ಣದ ನೆರಳು ಎಳೆದಂತೆ ಕಂಡರೆ ಇದೇ ರೋಗ ಎಂದು ತಿಳಿಯಿರಿ. ಆಗ ಹಂಚುವ ಬಾಕಿಯನ್ನು 0.8ರಿಂದಲೋ 0.9ರಿಂದಲೋ ಗುಣಿಸಿ. ಬಣ್ಣ ಸ್ವಲ್ಪ ಬಿಟ್ಟುಕೊಟ್ಟ ಹಾಗಾಗುತ್ತದೆ, ಅಂಚು ಉಳಿಯುತ್ತದೆ.

ಬರೆದದ್ದು ಸರಿಯೇ ಎಂದು ಪರೀಕ್ಷಿಸಲು ಫೋಟೊ ಬೇಡ. 64ಕ್ಕೆ 64ರ ಒಂದು ಚೌಕಕ್ಕೆ ಪೂರ್ತಿ (200, 150, 120) ತುಂಬಿ, ನಿಮ್ಮ ಪ್ರೋಗ್ರಾಂಗೆ ಕೊಡಿ. ಹೊರಬಂದದ್ದನ್ನು ಬೆಳಕಿಗೆ ತಿರುಗಿಸಿ, ಎಲ್ಲ ಪಿಕ್ಸೆಲ್‌ಗಳ ಸರಾಸರಿ ತೆಗೆದು, ಮತ್ತೆ 0ಯಿಂದ 255ಕ್ಕೆ ತನ್ನಿ. ಗುರಿಗೆ ಕೆಲವೇ ಅಂಕಿಗಳಷ್ಟು ಹತ್ತಿರ ಬಂದರೆ ಸರಿ. ಹಸಿರು ಮತ್ತು ನೀಲಿ ಇಪ್ಪತ್ತು ಮೂವತ್ತು ಹೆಚ್ಚಿದ್ದರೆ ಬಾಕಿಯನ್ನು ಇನ್ನೂ ಫೈಲ್‌ನ ಅಂಕಿಗಳಲ್ಲೇ ಹಂಚುತ್ತಿದ್ದೀರಿ. ಎಲ್ಲ ಬೂದಾಗಿ ಬಂದರೆ ಬಾಕಿ ಪಕ್ಕದವರಿಗೆ ತಲುಪುತ್ತಲೇ ಇಲ್ಲ. ಮೂಲ ಚಿತ್ರದ ಪ್ರತಿಯಿಂದ ಓದಿ ಬಾಕಿಯನ್ನು ಬೇರೊಂದು ಪ್ರತಿಗೆ ಬರೆಯುತ್ತಿರಬಹುದು.

ಬಾಕಿ ಹಂಚುವ ಮುನ್ನ ಮತ್ತು ಆಮೇಲೆ ಹೇಗೆ ಕಾಣಬಹುದು ಎಂದು ಬೇಗ ಹೋಲಿಸಬೇಕಿದ್ದರೆ ಇಮೇಜ್‌ಮ್ಯಾಜಿಕ್ ಸಾಕು. ಪ್ಯಾಲೆಟ್‌ನ ಹದಿನಾರು ಪಿಕ್ಸೆಲ್‌ಗಳಿರುವ ಪುಟ್ಟ ಚಿತ್ರವೊಂದನ್ನು `pal.png` ಎಂದು ಉಳಿಸಿಕೊಳ್ಳಿ:

```
magick in.png -dither None -remap pal.png a.png
magick in.png -dither FloydSteinberg -remap pal.png b.png
magick identify -format "%k" b.png
```

ಕೊನೆಯ ಸಾಲು ಚಿತ್ರದಲ್ಲಿ ಎಷ್ಟು ಬೇರೆ ಬೇರೆ ಬಣ್ಣಗಳಿವೆ ಎಂದು ಹೇಳುತ್ತದೆ. 16ಕ್ಕಿಂತ ಹೆಚ್ಚು ಬಂದರೆ ಎಲ್ಲೋ ಚಿತ್ರ ಮುಟ್ಟಿಸಿಕೊಂಡಿದೆ. ಸಾಮಾನ್ಯವಾಗಿ ಕಾರಣ ಎರಡೇ: ಜೆಪೆಗ್‌ನಲ್ಲಿ ಉಳಿಸಿರುತ್ತೀರಿ, ಇಲ್ಲವೇ ಬಣ್ಣ ಇಳಿಸಿದ ಮೇಲೆ ಗಾತ್ರ ಬದಲಿಸಿರುತ್ತೀರಿ. ಗಾತ್ರ ಕುಗ್ಗಿಸುವುದೇನಿದ್ದರೂ ಮೊದಲು, ಬಣ್ಣ ಇಳಿಸುವುದು ಕಟ್ಟಕಡೆಗೆ, ಉಳಿಸುವುದು ಪಿಎನ್‌ಜಿಯಲ್ಲಿ.

ಎಲ್ಲ ಕಡೆಯೂ ಬಾಕಿ ಹಂಚಬೇಕೆಂದೇನೂ ಇಲ್ಲ. ಅಕ್ಷರ, ಲಾಂಛನ, ಗೆರೆಚಿತ್ರಗಳಿಗೆ ನೀವು ಈಗ ಬರೆದಿರುವ ಬರಿಯ ಹತ್ತಿರದ ಬಣ್ಣವೇ ಚೆಂದ, ಅಂಚುಗಳು ಚೂಪಾಗಿ ಉಳಿಯುತ್ತವೆ, ಪಿಎನ್‌ಜಿ ಫೈಲೂ ಚಿಕ್ಕದಾಗುತ್ತದೆ. ಒಂದರ ಹಿಂದೊಂದು ಚೌಕಟ್ಟು ಬರುವ ಚಲನಚಿತ್ರಕ್ಕೂ ಈ ಹಂಚಿಕೆ ಒಗ್ಗುವುದಿಲ್ಲ. ಮೇಲಿನ ಮೂಲೆಯಲ್ಲಿ ಒಂದು ಪಿಕ್ಸೆಲ್ ಬದಲಾದರೂ ಬಾಕಿ ಹರಿಯುವ ದಾರಿ ಕೆಳಗಿನವರೆಗೂ ಬದಲಾಗಿ ಚುಕ್ಕೆಗಳು ಗಿಜಿಗುಡುತ್ತವೆ. ನಿಮ್ಮದು ಒಂದೇ ನಿಂತ ಮುಖ, ಒಂದು ಆಕಾಶ. ಮೊದಲು ಆ 64ರ ಚೌಕದಲ್ಲಿ ಅಂಕಿ ಸರಿಬರಲಿ, ಆಮೇಲೆ ಫೋಟೊ ಹಾಕಿ. ಚೌಕದ ಸರಾಸರಿ ಎಷ್ಟು ಬಂತೆಂದು ಬರೆದು ಕಳಿಸಿದರೆ ಉಳಿದದ್ದನ್ನು ಅಲ್ಲಿಂದ ನೋಡೋಣ.